ಕೊಳವೆಬಾವಿಯ ಮುಂದಿನ ಇನ್ನೂರು ಅಡಿ

ಒಮ್ಮೆ ಖರ್ಚಾದ ಮೇಲೆ, ಕೆಲಸವನ್ನು ಮುಂದುವರಿಸಿದರೂ ನಿಲ್ಲಿಸಿದರೂ ಮರಳಿ ಕೈಗೆ ಬಾರದ ಹಣವನ್ನು ಅರ್ಥಶಾಸ್ತ್ರದಲ್ಲಿ ಮುಳುಗಿದ ವೆಚ್ಚ ಎಂದು ಕರೆಯುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದಂತಹ ಗಟ್ಟಿಬಂಡೆಯ ಜಿಲ್ಲೆಗಳಲ್ಲಿ ಕೊಳವೆಬಾವಿ ಕೊರೆಸುವ ಕುಟುಂಬಗಳಿಗೆ ಈ ವೆಚ್ಚದ ಪರಿಚಯ ಬಹಳ ಹತ್ತಿರದ್ದು. ಎಂಟುನೂರು ಅಡಿ ದಾಟಿದರೂ ನೀರು ಕಾಣದಿದ್ದಾಗ, ರಿಗ್ ಲಾರಿಯ ಪಕ್ಕದಲ್ಲಿ ನಿಂತವರ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: ಇಷ್ಟು ಹಾಕಿದ್ದಾಗಿದೆ, ಇನ್ನೊಂದಿಷ್ಟು ಹಾಕಿ ನೋಡಿಬಿಡೋಣ.

ಇಲ್ಲಿ ಲೆಕ್ಕ ಹಿಂದಕ್ಕಲ್ಲ, ಮುಂದಕ್ಕೆ ನೋಡಬೇಕು. ಎಂಟುನೂರು ಅಡಿಗೆ 1,20,000 ರೂಪಾಯಿ ಖರ್ಚಾಗಿದೆ ಎಂದು ಇಟ್ಟುಕೊಂಡರೆ, ಆಳ ಹೆಚ್ಚಿದಂತೆ ಅಡಿಯ ದರವೂ ಏರುವುದರಿಂದ ಮುಂದಿನ ಇನ್ನೂರು ಅಡಿಗೆ ಅಡಿಯೊಂದಕ್ಕೆ 250 ರೂಪಾಯಿಯಂತೆ 50,000 ರೂಪಾಯಿ ಬೇಕಾಗಬಹುದು. ಆ ಇನ್ನೂರು ಅಡಿಯಲ್ಲಿ ನೀರು ಸಿಗುವ ಸಾಧ್ಯತೆ ಹತ್ತರಲ್ಲಿ ಒಂದು ಪಾಲು, ಸಿಕ್ಕರೆ ಮೋಟರು, ಪೈಪಿನ ಖರ್ಚು ಕಳೆದು ಬರುವ ಲಾಭ ಒಟ್ಟು 3,00,000 ರೂಪಾಯಿ ಎಂದಾದರೆ, ನಿರೀಕ್ಷಿಸಬಹುದಾದ ಮೌಲ್ಯ 30,000 ರೂಪಾಯಿ ಮಾತ್ರ. ಅದಕ್ಕಾಗಿ 50,000 ರೂಪಾಯಿ ಸುರಿಯುವುದು ಸರಿಯಲ್ಲ. ಈ ಲೆಕ್ಕದ ಯಾವ ಸಾಲಿನಲ್ಲೂ 1,20,000 ರೂಪಾಯಿಗೆ ಜಾಗವಿಲ್ಲ ಎಂಬುದನ್ನು ಗಮನಿಸಬೇಕು.

ಸಾಧ್ಯತೆಯನ್ನು ಅಂದಾಜು ಮಾಡುವುದು ಕಷ್ಟ, ಆದರೆ ಅದಕ್ಕೆ ಕುರುಹುಗಳೇ ಇಲ್ಲವೆಂದಲ್ಲ. ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ನೀರು ಇರುವುದು ಬಿರುಕುಗಳಲ್ಲಿ, ಅವು ಸಾಮಾನ್ಯವಾಗಿ ಆಳಕ್ಕೆ ಹೋದಂತೆ ವಿರಳವಾಗುತ್ತವೆ. ಬಾವಿಯ ಬಾಯಿಂದ ಹಾರುವ ಪುಡಿ ತೇವಗೊಂಡರೆ, ಕಲ್ಲಿನ ಚೂರುಗಳಿಗೆ ಕಂದು ಬಣ್ಣ ಹತ್ತಿದ್ದರೆ, ಕೊರೆಯುವ ವೇಗ ಒಮ್ಮೆಲೇ ಹೆಚ್ಚಿದರೆ ಬಿರುಕು ಹತ್ತಿರವಿರಬಹುದು. ನೂರಾರು ಅಡಿಯವರೆಗೂ ಒಂದೇ ಸಮನೆ ಒಣ ಬೂದುಬಣ್ಣದ ಪುಡಿ ಬರುತ್ತಿದ್ದರೆ ಬಂಡೆ ಅಖಂಡವಾಗಿರುವ ಸಂಭವವೇ ಹೆಚ್ಚು. ಹಿಂದೆ ಮಾಡಿದ ಖರ್ಚಿನಿಂದ ನಿಜವಾಗಿ ಉಳಿದುಬರುವುದು ಈ ತಿಳಿವಳಿಕೆಯೇ, ಜೊತೆಗೆ ಮೇಲೆತ್ತಿ ಮತ್ತೆ ಬಳಸಬಹುದಾದರೆ ಕೇಸಿಂಗ್ ಪೈಪು. ಪೈಪಿಗೆ ಸಿಗುವ ಬೆಲೆ ಮುಳುಗಿದ ವೆಚ್ಚವಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮುಳುಗಿದ ವೆಚ್ಚವನ್ನು ಬದಿಗಿಡುವುದೆಂದರೆ ಯಾವಾಗಲೂ ಕೈಬಿಡುವುದು ಎಂದು ತಿಳಿಯುವುದು ಇನ್ನೊಂದು ದೊಡ್ಡ ತಪ್ಪು. ಅದೇ ಎಂಟುನೂರು ಅಡಿಯಲ್ಲಿ ಸ್ವಲ್ಪ ನೀರು ಸಿಕ್ಕಿ, ಮೋಟರು, ಕೇಬಲ್ಲು, ಪೈಪಿಗೆ ಇನ್ನೂ 1,50,000 ರೂಪಾಯಿ ಹಾಕಬೇಕಾಗಿ, ಆ ನೀರಿನಿಂದ ಬರಬಹುದಾದ ಒಟ್ಟು ಆದಾಯ 2,00,000 ರೂಪಾಯಿ ಇದ್ದರೆ, ಒಟ್ಟು ಖರ್ಚು 2,70,000 ಆಯಿತಲ್ಲ ಎಂದು ಕೈಚೆಲ್ಲುವ ಕುಟುಂಬಕ್ಕೆ 1,20,000 ರೂಪಾಯಿ ನಷ್ಟವಾಗುತ್ತದೆ. ಮೋಟರು ಇಳಿಸುವ ಕುಟುಂಬಕ್ಕೆ ಆಗುವ ನಷ್ಟ 70,000 ರೂಪಾಯಿ.

ರಿಗ್ ಬರುವ ಮುಂಚೆಯೇ, ಮನಸ್ಸು ತಿಳಿಯಾಗಿರುವಾಗ, ಎಷ್ಟು ಅಡಿಗೆ ನಿಲ್ಲಿಸಬೇಕು ಮತ್ತು ಯಾವ ಕುರುಹು ಕಂಡರೆ ಮಾತ್ರ ಅದನ್ನು ದಾಟಬಹುದು ಎಂಬುದನ್ನು ಮನೆಯವರು ಬರೆದಿಟ್ಟುಕೊಳ್ಳುವುದು ಉತ್ತಮ, ಏಕೆಂದರೆ ನಡುರಾತ್ರಿ ಯಂತ್ರ ಓಡುತ್ತಿರುವಾಗ ಅಡಿ ಲೆಕ್ಕದಲ್ಲಿ ಹಣ ಪಡೆಯುವವರು ನಿಲ್ಲಿಸಿ ಎಂದು ಹೇಳುವುದು ಅಪರೂಪ.