ಮೂರು ಪ್ರಶ್ನೆ, ಒಂದು ಚೀಟಿ

ಉಪನ್ಯಾಸ ಮುಗಿದು ‘ಪ್ರಶ್ನೆಗಳಿವೆಯೇ?’ ಎಂದಾಗ ತಲೆತಗ್ಗಿಸುವ ವಿದ್ಯಾರ್ಥಿಗೆ ಬುದ್ಧಿ ಕಡಿಮೆ ಎಂದಲ್ಲ. ಪ್ರಶ್ನೆ ಹುಡುಕುವುದು, ವಾಕ್ಯ ಜೋಡಿಸುವುದು, ಎಲ್ಲರೆದುರು ಹೇಳುವುದು, ಈ ಮೂರೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಮೊದಲೆರಡನ್ನು ಹಿಂದಿನ ರಾತ್ರಿಯೇ ಮುಗಿಸಿಕೊಳ್ಳಿ: ಮೂರು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಚಂದ್ರಯಾನ-3ರ ಬಗ್ಗೆ ಮಾತಾಡಲು ವಿಜ್ಞಾನಿಯೊಬ್ಬರು ಬರುತ್ತಾರೆನ್ನಿ. ‘ವಿಕ್ರಮ್ ಯಾವಾಗ ಇಳಿಯಿತು?’ ಎಂದು ಕೇಳಬೇಡಿ; 2023ರ ಆಗಸ್ಟ್ 23 ಎಂಬುದು ಪತ್ರಿಕೆಯಲ್ಲೇ ಸಿಗುತ್ತದೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ: ಚಂದ್ರನ ಹಗಲು ಸುಮಾರು 14 ದಿನ, ಆಮೇಲಿನ ಕಡುಚಳಿಯ ರಾತ್ರಿಯ ನಂತರ ವಿಕ್ರಮ್ ಮತ್ತೆ ಏಳಲಿಲ್ಲ, ಹಾಗಾದರೆ ಆ ಚಳಿ ಬ್ಯಾಟರಿಗೆ ಏನು ಮಾಡುತ್ತದೆ? ಇದಕ್ಕೆ ಹೌದು-ಅಲ್ಲ ಎಂದು ಉತ್ತರಿಸಿ ಮುಗಿಸಲಾಗದು.

ಮೂರೇಕೆ, ಒಂದೇ ಪ್ರಶ್ನೆ ಸಾಲದೇ ಎನ್ನಬಹುದು. ಸಾಲದು. ಒಂದಕ್ಕೆ ಭಾಷಣದಲ್ಲೇ ಉತ್ತರ ಬಂದುಬಿಡುತ್ತದೆ, ಇನ್ನೊಂದನ್ನು ಮುಂದಿನ ಸಾಲಿನ ಹುಡುಗ ಕೇಳಿಬಿಡುತ್ತಾನೆ. ಮೂರನೆಯದು ಕೈಯಲ್ಲಿ ಉಳಿಯುತ್ತದೆ. ಕೇಳುವುದು ಮಾತ್ರ ಒಂದನ್ನೇ. ಚೀಟಿ ನೋಡಿ ಓದಿದರೆ ನಗುತ್ತಾರೆಂಬ ಅಂಜಿಕೆಯೂ ಬೇಡ, ಪತ್ರಕರ್ತರೂ ಬರೆದುಕೊಂಡೇ ಕೇಳುತ್ತಾರೆ. ನಗು ಬರುವುದು ಪ್ರಶ್ನೆಗೆ ಮುಂಚೆ ಎರಡು ನಿಮಿಷ ಪೀಠಿಕೆ ಹಾಕುವವರನ್ನು ಕಂಡಾಗ (ಅವರು ಬಹುಪಾಲು ಸಂಕೋಚದವರಲ್ಲ!). ಸಾಧ್ಯವಾದರೆ ಮೊದಲೇ ಕೈ ಎತ್ತಿ. ಕಾದಷ್ಟೂ ಎದೆಬಡಿತ ಏರುತ್ತದೆ. ಉತ್ತರ ಅರ್ಥವಾಗದಿದ್ದರೆ ‘ಒಂದು ಉದಾಹರಣೆ ಕೊಡ್ತೀರಾ ಸರ್?’ ಎನ್ನಿ. ಚೀಟಿಯಲ್ಲಿಲ್ಲದ ಆ ನಾಲ್ಕನೆಯ ಪ್ರಶ್ನೆ ತಾನಾಗಿ ಬಾಯಿಗೆ ಬಂದ ದಿನ ಚೀಟಿಯನ್ನು ಜೇಬಿನಲ್ಲೇ ಬಿಡಬಹುದು.