ತಾರಸಿಯ ಕಟಾಂಜನ ಮತ್ತು ಅದರ ಬುಡ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಣ ಬಡಾವಣೆಗಳಲ್ಲಿ ಎರಡು ಅಡಿ ಎತ್ತರದ ಪ್ಯಾರಾಪೆಟ್ ಗೋಡೆಯುಳ್ಳ ತಾರಸಿಗಳು ಕಾಣಸಿಗುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ತಾರಸಿಯ ಅಂಚಿನ ತಡೆಯು ಕನಿಷ್ಠ 1 ಮೀಟರ್ ಎತ್ತರವಿರಬೇಕು. ಈ ಕೊರತೆಯನ್ನು ತುಂಬಲು ಗೋಡೆಯ ತಲೆಯ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯ ಕಟಾಂಜನವನ್ನು ನಿಲ್ಲಿಸುವುದು ರೂಢಿ. ಪ್ರತಿ ಕಂಬದ ಬುಡಕ್ಕೂ ಫ್ಲಾಂಜ್ ಎಂಬ ತಟ್ಟೆಯನ್ನು ಬೆಸೆದು, ಅದನ್ನು ನಾಲ್ಕು ಬೋಲ್ಟುಗಳಿಂದ ಗೋಡೆಗೆ ಬಿಗಿಯುತ್ತಾರೆ. ಕೊಳವೆಯ ಹೊಳಪನ್ನು ಎಲ್ಲರೂ ನೋಡುತ್ತಾರೆ. ಒರಗಿದವನನ್ನು ತಡೆದು ನಿಲ್ಲಿಸುವುದಾದರೋ ಆ ತಟ್ಟೆಯ ಕೆಳಗಿರುವ ವಸ್ತು.

ಉದಾಹರಣೆಗೆ, 60 ಸೆಂ.ಮೀ. ಎತ್ತರ, 15 ಸೆಂ.ಮೀ. ದಪ್ಪದ ಸಾಲಿಡ್ ಬ್ಲಾಕ್ ಗೋಡೆಯೊಂದನ್ನು ತೆಗೆದುಕೊಳ್ಳಬಹುದು. ಅದರ ಮೇಲೆ 45 ಸೆಂ.ಮೀ. ಎತ್ತರದ ಕಂಬಗಳು, 1.2 ಮೀಟರಿಗೆ ಒಂದರಂತೆ ನಿಲ್ಲಬೇಕಾಗಿವೆ. 1987ರ ಭಾರತೀಯ ಮಾನಕ ಐ.ಎಸ್. 875, ಎರಡನೆಯ ಭಾಗದ ಪ್ರಕಾರ ಜನಸಂದಣಿಯಿಲ್ಲದ ತಾರಸಿಯ ಕಟಾಂಜನವು ಮೀಟರಿಗೆ 0.75 ಕಿಲೋನ್ಯೂಟನ್, ಅಂದರೆ ಸುಮಾರು 75 ಕಿ.ಗ್ರಾಂ.ನಷ್ಟು ಅಡ್ಡನೂಕನ್ನು ತಾಳಬೇಕು. ಹಾಗಾಗಿ ಒಂದು ಕಂಬದ ಪಾಲಿಗೆ ಬರುವ ನೂಕು 90 ಕಿ.ಗ್ರಾಂ.

ಕಂಬವು ಇಲ್ಲಿ ಸನ್ನೆಕೋಲಿನಂತೆ ವರ್ತಿಸುತ್ತದೆ. ನೂಕನ್ನು ಎತ್ತರದಿಂದ ಗುಣಿಸಿದರೆ ಬುಡದಲ್ಲಿ ಉಂಟಾಗುವ ತಿರುಗುಬಲ ದೊರೆಯುತ್ತದೆ: 90 × 45 = 4050. ತಟ್ಟೆಯು 10 ಸೆಂ.ಮೀ. ಚೌಕವಾಗಿದ್ದು, ಬೋಲ್ಟುಗಳ ನಡುವೆ 7 ಸೆಂ.ಮೀ. ಅಂತರವಿದ್ದರೆ, ಹೊರಕ್ಕೆ ನೂಕಿದಾಗ ತಟ್ಟೆಯ ಹೊರ ಅಂಚು ಗೋಡೆಯನ್ನು ಒತ್ತುತ್ತದೆ, ಒಳಬದಿಯ ಎರಡು ಬೋಲ್ಟುಗಳು ಮೇಲಕ್ಕೆ ಎಳೆಯಲ್ಪಡುತ್ತವೆ. ಈ ಎರಡರ ನಡುವಣ ದೂರ ಸುಮಾರು 8 ಸೆಂ.ಮೀ. ಆದ್ದರಿಂದ ಎಳೆತ ಸುಮಾರು 500 ಕಿ.ಗ್ರಾಂ.; ಒಂದೊಂದು ಬೋಲ್ಟಿಗೆ 250 ಕಿ.ಗ್ರಾಂ.

10 ಮಿ.ಮೀ. ಬೋಲ್ಟಿನ ಉಕ್ಕಿಗೆ ಇದು ಭಾರವಲ್ಲ. ತೊಂದರೆಯೆಲ್ಲ ಅದರ ಸುತ್ತಲಿನ ಗೋಡೆಯದು. ಬೋಲ್ಟಿನಿಂದ ಗೋಡೆಯ ಅಂಚಿಗೆ ಉಳಿಯುವುದು ಕೇವಲ 4 ಸೆಂ.ಮೀ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಆಂಕರ್ ಬೋಲ್ಟು ಬಿಗಿದಂತೆಲ್ಲ ಅಗಲಗೊಂಡು ರಂಧ್ರದ ಪಕ್ಕಗಳನ್ನು ಹೊರಕ್ಕೆ ತಳ್ಳುತ್ತದೆ. ಇಷ್ಟು ಕಿರಿದಾದ ಅಂಚು ಬಿರಿದು ಚಕ್ಕೆಯಾಗಿ ಏಳಬಹುದು. ಅದು ಗಾರೆಯಲ್ಲಿ ಮಾತ್ರ ಕಚ್ಚಿಕೊಂಡಿದ್ದರಂತೂ ಹಿಡಿತವೇ ಇಲ್ಲವೆನ್ನಬಹುದು. ಸುತ್ತಿಗೆಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಇಲ್ಲವೆ ರಂಧ್ರ ಕೊರೆಯುವಾಗ ಡ್ರಿಲ್ ತಟ್ಟನೆ ಒಳಕ್ಕೆ ಜಾರಿದರೆ, ಅಲ್ಲಿ ಬೋಲ್ಟು ಹಾಕಲಾಗದು.

ಇದಕ್ಕಿಂತ ದೊಡ್ಡ ಅಪಾಯವು ಗೋಡೆಯ ಬುಡದಲ್ಲಿದೆ. ಮೀಟರ್ ಉದ್ದದ ಗೋಡೆಯ ತೂಕ ಸುಮಾರು 200 ಕಿ.ಗ್ರಾಂ. ಅದರ ಅರ್ಧ ದಪ್ಪವಾದ 7.5 ಸೆಂ.ಮೀ.ಯಿಂದ ಗುಣಿಸಿದರೆ, ಉರುಳದಂತೆ ತಡೆಯುವ ಬಲ 1500. ಉರುಳಿಸುವ ಬಲವಾದರೋ 75 × 105, ಎಂದರೆ 7875. ತಡೆಯುವುದರ ಐದು ಪಟ್ಟು! ಗಾರೆಯ ಅಂಟು ಸ್ವಲ್ಪ ಹಿಡಿದೀತಾದರೂ ಅದನ್ನು ನಂಬುವಂತಿಲ್ಲ. ಕಂಬವನ್ನು ಎಷ್ಟೇ ಭದ್ರವಾಗಿ ಬಿಗಿದರೂ ಗೋಡೆಯೇ ಕಂಬದೊಡನೆ ಹೊರಕ್ಕೆ ಬೀಳುವ ಸಂಭವವಿದೆ.

ಆದಕಾರಣ ಕೆಲಸವನ್ನು ಕೆಳಗಿನಿಂದ ಆರಂಭಿಸಬೇಕು. ಕಂಬ ನಿಲ್ಲುವೆಡೆಗಳಲ್ಲೆಲ್ಲ ಗೋಡೆಯನ್ನು ಬಿಚ್ಚಿ, ಒಳಬದಿಗೆ ಎರಡು, ಹೊರಬದಿಗೆ ಎರಡು 10 ಮಿ.ಮೀ. ಕಬ್ಬಿಣದ ಸರಳುಗಳನ್ನು ಕೆಳಗಿನ ತೊಲೆಯಲ್ಲಿ ರಾಸಾಯನಿಕ ಅಂಟಿನಿಂದ ನೆಟ್ಟು, ಕಾಂಕ್ರೀಟಿನ ಕಿರುಗಂಬವನ್ನು ಎರಕ ಹೊಯ್ಯಬೇಕು. ಈ ಕಿರುಗಂಬಗಳ ತಲೆಗಳನ್ನು ಸರಳುಳ್ಳ ಕೋಪಿಂಗ್ ಪಟ್ಟಿಯೊಂದು ಕೂಡಿಸಬೇಕು. ಸರಳು ನೆಡಬೇಕಾದ ಆಳವನ್ನೂ ತೊಲೆಯ ಸಾಮರ್ಥ್ಯವನ್ನೂ ಇಂಜಿನಿಯರು ನಿರ್ಧರಿಸುವುದು ಅಗತ್ಯ.

ಕಾಂಕ್ರೀಟು ನೀರುಣಿಸಿ ಬಲಿತ ಬಳಿಕ, ಕಿರುಗಂಬದ ನೆತ್ತಿಯಲ್ಲಿ 12 ಮಿ.ಮೀ. ಅಗಲ, 9 ಸೆಂ.ಮೀ. ಆಳದ ರಂಧ್ರಗಳನ್ನು ಕೊರೆಯಬಹುದು. ಅಗಲಗೊಳ್ಳುವ ಬೋಲ್ಟಿಗೆ ಬದಲಾಗಿ ಅಂಟಿನಲ್ಲಿ ಕೂರುವ 10 ಮಿ.ಮೀ. ತಿರುಪು ಸರಳೇ ಕಿರಿದಾದ ಅಂಚಿಗೆ ಹೊಂದುತ್ತದೆ. ಅಂಚಿನಿಂದ ಇರಬೇಕಾದ ಕನಿಷ್ಠ ದೂರವನ್ನು ಅಂಟಿನ ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ರಂಧ್ರವನ್ನು ಊದಿ, ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದದಿದ್ದರೆ ಅಂಟು ಕಾಂಕ್ರೀಟಿಗೆ ಹತ್ತದೆ ಧೂಳಿಗೆ ಹತ್ತುತ್ತದೆ. ಅಂಟು ಗಟ್ಟಿಯಾಗಲು ಹೇಳಿರುವ ಸಮಯ ಕಳೆಯುವ ಮುನ್ನ ನಟ್ಟು ಬಿಗಿಯಬಾರದು.

ಬೋಲ್ಟುಗಳೂ ಸ್ಟೇನ್‌ಲೆಸ್ ಉಕ್ಕಿನವೇ ಆಗಿರಬೇಕು. ಸಾದಾ ಉಕ್ಕಿನ ಸಣ್ಣ ಬೋಲ್ಟು ದೊಡ್ಡ ಸ್ಟೇನ್‌ಲೆಸ್ ತಟ್ಟೆಯೊಡನೆ ತೇವದಲ್ಲಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ತಟ್ಟೆಯ ಕೆಳಗೂ ಅಂಚಿಗೂ ಸೀಲೆಂಟ್ ಹಾಕಿ ಮಳೆನೀರನ್ನು ತಡೆಯಬೇಕು. ಬೋಲ್ಟುಗಳನ್ನು ಮರೆಮಾಡುವ ಅಲಂಕಾರದ ಮುಚ್ಚಳವು ಎತ್ತಿ ನೋಡಲು ಬರುವಂತಿರಬೇಕು.

ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ಕಟಾಂಜನವನ್ನು ಒಳಕ್ಕೆ ಎಳೆದು ನೋಡಬೇಕು. ಕಂಬ ಮಾತ್ರ ಅಲುಗಿದರೆ ಬೆಸುಗೆಯಲ್ಲಿ ದೋಷ. ತಟ್ಟೆ ಎದ್ದರೆ ಬೋಲ್ಟಿನಲ್ಲಿ. ಕೋಪಿಂಗಿನ ಕೆಳಗಾಗಲಿ ಗೋಡೆಯ ಬುಡದಲ್ಲಾಗಲಿ ಕೂದಲೆಳೆಯಂಥ ಬಿರುಕು ಬಾಯಿಬಿಟ್ಟರೆ ಗೋಡೆಯಲ್ಲಿ. ಮೂರನೆಯದು ಕಂಡಾಗ ನಟ್ಟು ಬಿಗಿಯುವುದು ಪರಿಹಾರವಲ್ಲ. ದುರಸ್ತಿಯಾಗುವವರೆಗೆ ಆ ಅಂಚಿಗೆ ಯಾರೂ ಒರಗದಂತೆ ನೋಡಿಕೊಳ್ಳಬೇಕು.