ಕೈಗಡಿಯಾರದ ದೈನಂದಿನ ಗತಿಭೇದ



ಮೈಸೂರಿನಿಂದ ತಾವು ಬರೆದು ಕಳುಹಿಸಿದ ವಿವರಗಳನ್ನು ಸಾವಧಾನವಾಗಿ ಪರಿಶೀಲಿಸಿದೆನು. ತಮ್ಮ ತಂದೆಯವರ ಎಚ್‌ಎಂಟಿ ಜನತಾ ಗಡಿಯಾರವು ಮುಖ ಮೇಲಾಗಿ ಮಲಗಿರುವಾಗ ದಿನಕ್ಕೆ 8 ಸೆಕೆಂಡು ಮುಂದೆಯೂ, ಕೀ ಕೊಡುವ ಗುಂಡಿ ಕೆಳಗಾಗಿ ನಿಂತಿರುವಾಗ 22 ಸೆಕೆಂಡು ಹಿಂದೆಯೂ ಓಡುವುದೆಂದು ಫೋನಿನ ಗತಿಮಾಪಕ ಆ್ಯಪ್ ತೋರಿಸಿದುದು ದೋಷವಲ್ಲ; ಭಂಗಿಗೆ ತಕ್ಕಂತೆ ಗುರುತ್ವವೂ ಘರ್ಷಣೆಯೂ ತೋಲನಚಕ್ರದ ಮೇಲೆ ಬೀರುವ ಪ್ರಭಾವವು ಬೇರೆಯಾಗುತ್ತದೆ.

ಆ್ಯಪ್ ಕೇಳುವುದು ಅರ್ಧ ನಿಮಿಷದ ಟಿಕ್‌ಟಿಕ್ ಸದ್ದನ್ನು ಮಾತ್ರ. ಆದುದರಿಂದ ಅದರಲ್ಲಿ ಗಂಟೆಗೆ 18,000 ಮಿಡಿತವೆಂದು ನಿಗದಿಪಡಿಸಿ, ಫ್ಯಾನ್ ನಿಲ್ಲಿಸಿ, ಮೈಕಿಗೆ ಗುಂಡಿಯನ್ನು ತಾಗಿಸಿ ಅಳೆಯಿರಿ. ಬಳಿಕ ಬೆಳಿಗ್ಗೆ ಪೂರ್ತಿ ಕೀ ಕೊಟ್ಟು, ಫೋನಿನ ಸಮಯಕ್ಕೆ ಸರಿಹೊಂದಿಸಿ, ಮರುದಿನ ಅದೇ ಹೊತ್ತಿಗೆ ಹೋಲಿಸಿರಿ. ಹದಿನಾಲ್ಕು ಗಂಟೆ ಎರಡನೆಯ ಭಂಗಿಯಲ್ಲಿಯೂ ಹತ್ತು ಗಂಟೆ ಮೊದಲನೆಯದರಲ್ಲಿಯೂ ಕಳೆದರೆ, ಸುಮಾರು 13 ಸೆಕೆಂಡು ಕಳೆದು 3 ಕೂಡಿ, 10 ಸೆಕೆಂಡು ಹಿಂದಾಗಬೇಕು. ತಾವು ಪತ್ರದಲ್ಲಿ ಬರೆದ ವ್ಯತ್ಯಾಸವೂ ಅಷ್ಟೇ. ಇಂತಹ ಹಳೆಯ ಯಂತ್ರಕ್ಕೆ ದಿನಕ್ಕೆ ಅರ್ಧ ನಿಮಿಷದವರೆಗಿನ ವ್ಯತ್ಯಾಸವನ್ನು ನಾನು ಸಹಜವೆಂದೇ ಎಣಿಸುವೆನು. ಹಠಾತ್ತಾಗಿ ಹಲವು ನಿಮಿಷ ಮುಂದೋಡಿದರೆ ಮಾತ್ರ ಅಯಸ್ಕಾಂತದ ಸೋಂಕನ್ನು ಶಂಕಿಸಿ ರಿಪೇರಿಯವರಿಗೆ ತೋರಿಸಿರಿ.

ಕ್ರೊನೋಮೀಟರ್ ಎಂಬ ಬಿರುದಾದರೋ ಪ್ರಯೋಗಾಲಯದ್ದು. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆಯು ಯಂತ್ರವನ್ನು ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಉಷ್ಣತೆಗಳಲ್ಲಿ ಹದಿನೈದು ದಿನ ಪರೀಕ್ಷಿಸುತ್ತದೆ; ಸರಾಸರಿ ಗತಿ ದಿನಕ್ಕೆ −4ರಿಂದ +6 ಸೆಕೆಂಡುಗಳೊಳಗಿರಬೇಕು. ತಮ್ಮ ಜನತಾವನ್ನು ಆ ತಕ್ಕಡಿಯಲ್ಲಿ ತೂಗಬೇಡಿರಿ. ಹಗಲಿನ ಹಿಂದೋಟವು ತುಸು ಸರಿದೂಗುವಂತೆ ರಾತ್ರಿ ಮುಖ ಮೇಲಾಗಿಯೇ ಇರಿಸಿರಿ.